ಐಜೆಪಿ ಮೇಲ್‌ನ ನಾಲ್ಕನೇ ಪುಟ

ಐಜೆಪಿ ಮೇಲ್ ಬಂದ ದಿನ ನಮ್ಮ ಕ್ಯಾಂಟೀನ್‌ನಲ್ಲಿ ಟೀಗಿಂತ ಮಾತೇ ಜಾಸ್ತಿ. ಐಜೆಪಿ ಅಂದರೆ ಇಂಟರ್ನಲ್ ಜಾಬ್ ಪೋಸ್ಟಿಂಗ್. ಕಂಪನಿಯಲ್ಲಿ ಒಂದು ಜಾಗ ಖಾಲಿಯಾದಾಗ ಹೊರಗಿನವರನ್ನು ಕರೆಯುವ ಮೊದಲು ಒಳಗಿನವರನ್ನು ಕೇಳುವುದು. ನಾನಾಗ ಬೆಂಗಳೂರಿನ ಔಟರ್ ರಿಂಗ್ ರೋಡ್ ಪಕ್ಕದ ಒಂದು ಬಿಪಿಒನಲ್ಲಿದ್ದೆ. ಆನ್‌ಲೈನ್ ಅಂಗಡಿಯೊಂದರ ಕಸ್ಟಮರ್ ಕೇರ್. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಕಾಲ್ ತೆಗೆದುಕೊಳ್ಳಬೇಕು. "ನನ್ನ ಆರ್ಡರ್ ಎಲ್ಲಿದೆ" ಅನ್ನುವ ಪ್ರಶ್ನೆಗೆ ದಿನಕ್ಕೆ ಎಪ್ಪತ್ತು ಸಲ ಉತ್ತರ ಹೇಳಿ ಹೇಳಿ, ನಿದ್ದೆಯಲ್ಲೂ "ಕಾಯ್ದಿದ್ದಕ್ಕೆ ಧನ್ಯವಾದ" ಅನ್ನುತ್ತಿದ್ದೆ ಅಂತ ರೂಮ್‌ಮೇಟ್ ನಗುತ್ತಿದ್ದಳು.

ಈ ಸಲ ಖಾಲಿ ಇದ್ದದ್ದು ಆರ್‌ಟಿಎ ಜಾಗ, ಎರಡು ಹುದ್ದೆ. ರಿಯಲ್ ಟೈಮ್ ಅನಲಿಸ್ಟ್. ಎಷ್ಟು ಕಾಲ್ ಕ್ಯೂನಲ್ಲಿದೆ, ಎಷ್ಟು ಜನ ಲಾಗಿನ್ ಆಗಿದ್ದಾರೆ, ಯಾರು ಬ್ರೇಕಿನಲ್ಲಿದ್ದಾರೆ ಅಂತ ಸ್ಕ್ರೀನ್ ನೋಡಿಕೊಂಡು, ಜನರನ್ನು ಆ ಕಡೆ ಈ ಕಡೆ ಹೊಂದಿಸುವವರು. ಫ್ಲೋರಿನಲ್ಲಿ ಅವರನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಬ್ರೇಕು ಎರಡು ನಿಮಿಷ ಜಾಸ್ತಿಯಾದರೆ ಪಿಂಗ್ ಮಾಡುವವರು ಅವರೇ. ಆದರೆ ನನಗೆ ಲೆಕ್ಕ ಇಷ್ಟ, ಹೆಡ್‌ಸೆಟ್ ಸಾಕಾಗಿತ್ತು.

ಮೇಲ್‌ಗೆ ಅಂಟಿಸಿದ್ದ ಫೈಲು ನಾಲ್ಕು ಪುಟದ್ದು. ಮೊದಲನೆಯದರಲ್ಲಿ ಹುದ್ದೆಯ ವಿವರ, ಎರಡನೆಯದರಲ್ಲಿ ಯಾರು ಅರ್ಹರು, ಮೂರನೆಯದರಲ್ಲಿ ಅಪ್ಲೈ ಮಾಡುವುದು ಹೇಗೆ. ಬಹಳ ಜನ ಎರಡನೇ ಪುಟಕ್ಕೇ ನಿಂತುಬಿಡುತ್ತಾರೆ. ಆ ದಿನ ಸಿಸ್ಟಮ್ ಡೌನ್ ಆಗಿ ಇಪ್ಪತ್ತು ನಿಮಿಷ ಕಾಲ್ ಬರಲಿಲ್ಲ. ಸುಮ್ನೆ ಕೂತಿದ್ದೆನಲ್ಲ, ನಾಲ್ಕನೆಯದನ್ನೂ ಓದಿದೆ. ಅದರ ತಲೆಬರಹ "ಮ್ಯಾನೇಜರ್‌ಗಳಿಗೆ ಸೂಚನೆ" ಅಂತ. ನಮಗೆ ಸಂಬಂಧವಿಲ್ಲದ್ದು ಅನ್ನಿಸುವ ಹಾಗಿತ್ತು. ಮುಂದೆ ನಡೆದದ್ದರಲ್ಲಿ ನನಗೆ ಕೆಲಸಕ್ಕೆ ಬಂದದ್ದು ಆ ಒಂದು ಪುಟವೇ.

ಮೊದಲು ಅರ್ಹತೆಯ ಕಥೆ ಹೇಳುತ್ತೇನೆ. ನೋಡಲು ಸುಲಭವಾಗಿತ್ತು. ಈಗಿನ ಹುದ್ದೆಯಲ್ಲಿ ಹನ್ನೆರಡು ತಿಂಗಳು ಆಗಿರಬೇಕು. ಹಿಂದಿನ ಮೂರು ತಿಂಗಳ ಸ್ಕೋರ್‌ಕಾರ್ಡ್ ಬಿ ಅಥವಾ ಅದಕ್ಕಿಂತ ಮೇಲಿರಬೇಕು. ಆರು ತಿಂಗಳಲ್ಲಿ ವಾರ್ನಿಂಗ್ ಲೆಟರ್ ಬಂದಿರಬಾರದು. ಹಿಂದಿನ ಮೂರು ತಿಂಗಳ ಹಾಜರಿ ಶೇಕಡಾ 95 ಇರಬೇಕು. ರಾಜೀನಾಮೆ ಕೊಟ್ಟು ನೋಟಿಸ್ ಪೀರಿಯಡ್‌ನಲ್ಲಿ ಇರುವವರಿಗೆ ಇಲ್ಲ. ಬೇರೆ ಐಜೆಪಿಗೆ ಹಾಕಿದ ಅರ್ಜಿ ಇನ್ನೂ ನಡೆಯುತ್ತಿದ್ದರೂ ಇಲ್ಲ.

ಹನ್ನೆರಡು ತಿಂಗಳು ಅಂದರೆ ಎಲ್ಲಿಂದ ಎಣಿಸುವುದು? ಆಫರ್ ಲೆಟರ್‌ನ ದಿನದಿಂದ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಹಾಗಲ್ಲ. ನಮ್ಮಲ್ಲಿ ಆರು ವಾರ ಟ್ರೇನಿಂಗ್ ಮುಗಿಸಿ, ಫ್ಲೋರಿಗೆ ಬಂದು ಕಾಲ್ ತೆಗೆದುಕೊಂಡ ದಿನದಿಂದ ಲೆಕ್ಕ. ಅದೂ ಪೋಸ್ಟಿಂಗ್ ಮುಚ್ಚುವ ದಿನಕ್ಕೆ ಹನ್ನೆರಡು ತುಂಬಿರಬೇಕು, ಮೇಲ್ ಬಂದ ದಿನಕ್ಕಲ್ಲ. ಮುಚ್ಚುವ ದಿನಕ್ಕೆ ನಾನು ಸೇರಿ ಹದಿಮೂರು ತಿಂಗಳು ಹದಿನೆಂಟು ದಿನ ಆಗುತ್ತಿತ್ತು. ಟ್ರೇನಿಂಗ್ ಕಳೆದರೆ ಹನ್ನೆರಡು ತಿಂಗಳಾಗಿ ಆರೇಳು ದಿನ. ಅಂಚಿನಲ್ಲಿ ಪಾಸು. ನಡುವೆ ನನ್ನನ್ನು ಚಾಟ್‌ನಿಂದ ವಾಯ್ಸ್‌ಗೆ ಹಾಕಿದ್ದರು, ಅದರಿಂದ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತಾ ಅನ್ನುವ ಭಯ ಇತ್ತು. ಎಚ್‌ಆರ್‌ಗೆ ಒಂದು ಸಾಲಿನ ಮೇಲ್ ಹಾಕಿದೆ. ಹುದ್ದೆಯ ಹೆಸರು, ಗ್ರೇಡ್ ಎರಡೂ ಬದಲಾಗಿಲ್ಲವಾದ್ದರಿಂದ ಹಳೆಯದೂ ಸೇರುತ್ತದೆ ಅಂತ ಉತ್ತರ ಬಂತು. ಆ ಮೇಲನ್ನು ಬೇರೆ ಫೋಲ್ಡರಿಗೆ ಹಾಕಿಟ್ಟೆ. ಮುಂದಿನ ಬ್ಯಾಚಿನ ಹುಡುಗಿಯೊಬ್ಬಳು ಒಂಬತ್ತು ದಿನ ಕಡಿಮೆ ಬಿದ್ದು ಹೊರಗುಳಿದಳು, ಪಾಪ.

ಹಾಜರಿಯಲ್ಲಿ ನನಗೆ ತೊಂದರೆ ಇರಬಹುದು ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಪೋರ್ಟಲ್ ತೆರೆದರೆ `Apply` ಬಟನ್ ಬೂದಿ ಬಣ್ಣದಲ್ಲಿ ಸತ್ತು ಮಲಗಿತ್ತು. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಹಾಜರಿ 93.9.

ಲೆಕ್ಕ ಹಾಕಿದೆ. ಮೂರು ತಿಂಗಳಲ್ಲಿ ನನ್ನ ಶಿಫ್ಟು 66. ಹೇಳದೆ ತಪ್ಪಿಸಿದ ದಿನಗಳು ನಾಲ್ಕು. 62 ಭಾಗಿಸು 66, ಅಂದರೆ 93.9. ಮೂರೇ ದಿನ ಆಗಿದ್ದರೆ 95.5. ಆ ನಾಲ್ಕರಲ್ಲಿ ಎರಡು ಜ್ವರದ್ದು, ಒಂದು ತಿಪಟೂರಿನಲ್ಲಿ ಅಜ್ಜಿ ತೀರಿಕೊಂಡಾಗಿನದು. ನಾಲ್ಕನೆಯದು ಯಾವುದು? ಆ ದಿನ ನಾನು ಕೆಲಸಕ್ಕೆ ಬಂದಿದ್ದೆ! ಕೆ.ಆರ್.ಪುರದ ಸೇತುವೆ ಹತ್ತಿರ ಆಫೀಸಿನ ಕ್ಯಾಬ್ ಪಂಕ್ಚರ್ ಆಗಿ, ಸ್ಟೆಪ್ನಿಯಲ್ಲೂ ಗಾಳಿ ಇಲ್ಲದೆ, ಬೇರೆ ಗಾಡಿ ಬರುವಷ್ಟರಲ್ಲಿ ಲಾಗಿನ್ ಎರಡು ಗಂಟೆ ಹತ್ತು ನಿಮಿಷ ತಡ. ಎರಡು ಗಂಟೆ ದಾಟಿದರೆ ಸಿಸ್ಟಮ್ ಅದನ್ನು ಗೈರು ಅಂತಲೇ ಹಾಕುತ್ತದೆ. ಅದನ್ನು ಸರಿಪಡಿಸಲು ಟಿಎಲ್, ಅಂದರೆ ನಮ್ಮ ಟೀಮ್ ಲೀಡರ್, ರೆಗ್ಯುಲರೈಸ್ ಮಾಡಬೇಕು. ನಾನು ಅವತ್ತೇ ರಿಕ್ವೆಸ್ಟ್ ಹಾಕಿದ್ದೆ. "ಮಾಡ್ತೀನಿ ಕಣಮ್ಮ" ಅಂದಿದ್ದರು. ಅದು ಅಲ್ಲೇ `Pending` ಅಂತ ಕೂತಿತ್ತು. ಒಂದು ಕ್ಯಾಶುಯಲ್ ಲೀವ್ ಕಡಿದುಕೊಂಡಿತ್ತೇ ಹೊರತು ಸಂಬಳಕ್ಕೆ ಕತ್ತರಿ ಬಿದ್ದಿರಲಿಲ್ಲ. ಹಾಗಾಗಿ ನಾನೂ ಮರೆತಿದ್ದೆ.

ಅರ್ಜಿ ಹಾಕಲು ಏಳು ಕೆಲಸದ ದಿನ ಇತ್ತು. ಮೇಲ್ ಬಂದದ್ದು ಮಂಗಳವಾರ, ಮುಚ್ಚುವುದು ಮುಂದಿನ ವಾರದ ಗುರುವಾರ ಸಂಜೆ ಆರಕ್ಕೆ.

ಈಗ ನಾಲ್ಕನೇ ಪುಟಕ್ಕೆ ಬರುತ್ತೇನೆ. ಅದರಲ್ಲಿ ಇದ್ದದ್ದು ಇಷ್ಟು. ಐಜೆಪಿಗೆ ಹಾಕಲು ಮ್ಯಾನೇಜರ್ ಒಪ್ಪಿಗೆ ಬೇಕಿಲ್ಲ, ತಿಳಿಸಿದರೆ ಸಾಕು. ಅರ್ಜಿ ಬಂದ ಮೇಲೆ ಮ್ಯಾನೇಜರ್ ಎರಡು ಕೆಲಸದ ದಿನದೊಳಗೆ ಒಂದು ಫಾರ್ಮ್ ತುಂಬಬೇಕು, ಅದರಲ್ಲಿ ಸೇವಾ ಅವಧಿ, ಸ್ಕೋರು, ಹಾಜರಿ, ಶಿಸ್ತು ಕ್ರಮ ಇವಿಷ್ಟೇ ಇರಬೇಕು. ಎರಡು ದಿನ ಸುಮ್ಮನಿದ್ದರೆ ಅರ್ಜಿ ತಾನಾಗಿ ಎಚ್‌ಆರ್‌ಗೆ ಹೋಗುತ್ತದೆ. ಅರ್ಜಿ ವಾಪಸ್ ತೆಗೆದುಕೋ ಅನ್ನಬಾರದು. ಅರ್ಜಿ ಹಾಕಿದ ಕಾರಣಕ್ಕೆ ರೋಸ್ಟರ್, ರಜೆ, ರೇಟಿಂಗ್ ಬದಲಾಯಿಸಬಾರದು. ಯಾರು ಹಾಕಿದ್ದಾರೆ ಅಂತ ಟೀಮಿನಲ್ಲಿ ಹೇಳಬಾರದು. ಇಲ್ಲೇ ಇರಿಸಿಕೊಳ್ಳಲು ಪ್ರಮೋಷನ್ ಆಸೆ ತೋರಿಸಬಾರದು. ಟೆಸ್ಟು, ಇಂಟರ್‌ವ್ಯೂ ಸಮಯ ಕಂಪನಿಯ ಸಮಯ, ಅದಕ್ಕೆ ಮೀಟಿಂಗ್ ಕೋಡ್ ಹಾಕಬೇಕು. ಆಯ್ಕೆಯಾದರೆ 30 ದಿನದಲ್ಲಿ ಬಿಡಬೇಕು, ತೀರಾ ಅಗತ್ಯವಿದ್ದರೆ ಬಿಸಿನೆಸ್ ಹೆಡ್ ಬರವಣಿಗೆಯಲ್ಲಿ ಒಪ್ಪಿದ ಮೇಲೆ 45. ಅದರಾಚೆ ಇಲ್ಲ.

ಇದು ಸರ್ಕಾರದ ಕಾನೂನೇನಲ್ಲ ಅನ್ನುವುದನ್ನು ನೆನಪಿಟ್ಟುಕೊಂಡಿದ್ದೆ. ಖಾಸಗಿ ಕಂಪನಿ ತನಗೆ ತಾನೇ ಮಾಡಿಕೊಂಡ ನಿಯಮ. ಇನ್ನೊಂದು ಕಂಪನಿಯಲ್ಲಿ ಮ್ಯಾನೇಜರ್ ಒಪ್ಪಿಗೆ ಬೇಕೇಬೇಕು ಅಂತಿರಬಹುದು, ಹದಿನೆಂಟು ತಿಂಗಳು ಅಂತಿರಬಹುದು. ನನ್ನ ಹತ್ತಿರ ಇದ್ದದ್ದು ಕಂಪನಿ ತಾನೇ ಬರೆದ ಮಾತು, ಅಷ್ಟೇ.

ಬುಧವಾರ ಶಿಫ್ಟಿಗೆ ಮೊದಲು ಟಿಎಲ್ ಹತ್ತಿರ ಹೋದೆ. ಹೇಗೆ ಹೇಳಬೇಕು ಅಂತ ಕ್ಯಾಬಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದ್ದೆ. "ಅಪ್ಲೈ ಮಾಡ್ಲಾ ಸರ್?" ಅಂದರೆ ಅದು ಕೇಳಿದ ಹಾಗೆ. ಕೇಳಿದ ಮೇಲೆ ಬೇಡ ಅನ್ನುವ ಹಕ್ಕು ಅವರಿಗೆ ಬರುತ್ತದೆ. ಒಂದು "ಲಾ"ದಲ್ಲಿ ಎಲ್ಲ ಕೈತಪ್ಪುತ್ತದೆ. ಹಾಗಾಗಿ "ಸರ್, ಆರ್‌ಟಿಎ ಐಜೆಪಿಗೆ ಅಪ್ಲೈ ಮಾಡ್ತಾ ಇದ್ದೀನಿ, ನಿಮಗೆ ಮೊದಲೇ ಹೇಳೋಣ ಅಂತ ಬಂದೆ" ಅಂದೆ.

ಅವರು ಮಂಡ್ಯ ಕಡೆಯವರು, ಒಳ್ಳೆಯವರೇ. ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದರು.

"ಅಪ್ರೂವಲ್ ನಾನ್ ತಾನೆ ಕೊಡ್ಬೇಕು? ಸೇಲ್ ಮುಗೀಲಿ ಕಣಮ್ಮ, ಆಮೇಲೆ ನೋಡೋಣ."

"ಅಪ್ರೂವಲ್ ಬೇಡ್ವಂತೆ ಸರ್, ತಿಳಿಸಿದ್ರೆ ಸಾಕು ಅಂತ ಇದೆ."

"ಎಲ್ಲಿದೆ?"

"ನಾಲ್ಕನೇ ಪುಟದಲ್ಲಿ. ಕಳಿಸ್ಲಾ?"

ನಿಜ ಹೇಳಬೇಕು ಅಂದರೆ ಅವರಿಗೂ ಆ ಪುಟ ಗೊತ್ತಿರಲಿಲ್ಲ. ಮ್ಯಾನೇಜರ್‌ಗಳಿಗೆ ಅಂತ ಬರೆದದ್ದನ್ನು ಮ್ಯಾನೇಜರ್‌ಗೆ ಯಾರೂ ಓದಿಸಿರಲಿಲ್ಲ. ಫೋನಿನಲ್ಲೇ ಓದಿದರು. ಆಮೇಲೆ ದನಿ ಸ್ವಲ್ಪ ಬದಲಾಯಿತು. "ನಿನ್ನ ನೆಕ್ಸ್ಟ್ ಕ್ವಾರ್ಟರ್ ಎಸ್‌ಎಂಇ ಮಾಡ್ಬೇಕು ಅಂತಿದ್ದೆ. ಅಲ್ಲಿ ಹೋಗಿ ಸ್ಕ್ರೀನ್ ನೋಡ್ಕೊಂಡು ಕೂತ್ಕೋತೀಯ?" ಎಸ್‌ಎಂಇ ಅಂದರೆ ಟೀಮಿನಲ್ಲಿ ಡೌಟ್ ಬಿಡಿಸುವವರು. ಆ ಮಾತು ಹಿಂದೆ ಒಂದು ಸಲವೂ ಬಂದಿರಲಿಲ್ಲ. ಪ್ರಮೋಷನ್ ಆಸೆ ತೋರಿಸಬಾರದು ಅನ್ನುವ ಸಾಲು ಕೂಡ ಅದೇ ಪುಟದಲ್ಲಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಹೋಗಲಿಲ್ಲ.

ಅವರ ಕಡೆಯಿಂದಲೂ ನೋಡಬೇಕು. ಹದಿನೆಂಟು ಜನರ ಟೀಮು, ಆಗಲೇ ಇಬ್ಬರು ಬಿಟ್ಟುಹೋಗಿದ್ದರು. ಲಾಗಿನ್ ಆದ ಗಂಟೆಗಳ ಮೇಲೆ ಕ್ಲೈಂಟ್ ದುಡ್ಡು ಕೊಡುವುದು. ನಾನು ಹೋದರೆ ಹೊಸಬರನ್ನು ಹುಡುಕಿ ಸೇರಿಸಲು ಎರಡು ವಾರ, ಟ್ರೇನಿಂಗ್ ಆರು ವಾರ, ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕಾಲ್ ಕಲಿಸುವ ನೆಸ್ಟಿಂಗ್ ಎರಡು ವಾರ. ಹತ್ತಿರ ಹತ್ತಿರ 70 ದಿನ. ಕಂಪನಿ ಅವರಿಗೆ ಹೇಳುವುದು 30 ದಿನದಲ್ಲಿ ಬಿಡು ಅಂತ. ಉಳಿದ ನಲವತ್ತು ದಿನ ಅವರ ತಲೆಯ ಮೇಲೆ. ಆ ನಾಲ್ಕನೇ ಪುಟದಲ್ಲಿ ಮ್ಯಾನೇಜರ್ ಏನು ಮಾಡಬಾರದು ಅಂತ ಇತ್ತು, ಆ ನಲವತ್ತು ದಿನ ಅವರು ಏನು ಮಾಡಬೇಕು ಅಂತ ಒಂದು ಸಾಲೂ ಇರಲಿಲ್ಲ. ಯಾವ ಟಿಎಲ್ ಆದರೂ ಕೈ ಹಿಡಿದು ನಿಲ್ಲಿಸಿಕೊಳ್ಳದೆ ಇನ್ನೇನು ಮಾಡುತ್ತಾನೆ?

ಕೊನೆಗೆ ಕ್ಯಾಬಿನ ದಿನದ ವಿಷಯ ಎತ್ತಿದೆ. "ಸರ್, ಅದೊಂದು ರೆಗ್ಯುಲರೈಸ್ ಮಾಡಿಬಿಡಿ." "ಮಾಡ್ತೀನಿ" ಅಂದರು.

ಬುಧವಾರ ಆಗಲಿಲ್ಲ. ಶುಕ್ರವಾರ ಚಾಟ್‌ನಲ್ಲಿ ನೆನಪಿಸಿದೆ, ಹೆಬ್ಬೆರಳು ಬಂತು. ಶನಿವಾರ, ಭಾನುವಾರ ರಜೆ. ಸೋಮವಾರ ಕೇಳಿದರೆ "ಅದು ಹಳೇ ತಿಂಗಳದ್ದು, ಪೇರೋಲ್ ಲಾಕ್ ಆಗಿದೆ, ನನ್ ಕೈಲಿ ಈಗ ಆಗಲ್ಲ" ಅಂದರು. ಸುಳ್ಳಲ್ಲ. ನೋಡಿದೆ, ನಿಜವಾಗಿಯೂ ಲಾಕ್ ಆಗಿತ್ತು. ಆದರೆ ಬುಧವಾರವೂ ಅದು ಲಾಕ್ ಆಗಿಯೇ ಇತ್ತು, ಅವತ್ತೇ ಹೇಳಿದ್ದರೆ ಐದು ದಿನ ಉಳಿಯುತ್ತಿತ್ತು.

ಇಲ್ಲಿ ನನಗೆ ಒಂದು ವಿಷಯ ಅರ್ಥವಾಯಿತು. ಮ್ಯಾನೇಜರ್ ತಡೆಯಬಾರದು ಅಂತ ಬರೆದರೆ ಯಾವ ಮ್ಯಾನೇಜರೂ "ಬೇಡ" ಅನ್ನುವುದಿಲ್ಲ. ಬೇಡ ಅಂದರೆ ಅದಕ್ಕೆ ದಾಖಲೆ ಇರುತ್ತದೆ. `Pending`ಗೆ ಯಾರ ಹೆಸರೂ ಇರುವುದಿಲ್ಲ. ಬೇಕಂತಲೇ ಮಾಡಿದರಾ, ಮರೆತರಾ ಅಂತ ಇವತ್ತಿಗೂ ನನಗೆ ಹೇಳಲಾಗದು. ನಲವತ್ತು ರಿಕ್ವೆಸ್ಟ್ ಅವರ ಸ್ಕ್ರೀನಿನಲ್ಲಿ ಹಾಗೇ ಬಿದ್ದಿದ್ದನ್ನು ನಾನೇ ನೋಡಿದ್ದೇನೆ. ಪರಿಣಾಮ ಎರಡಕ್ಕೂ ಒಂದೇ ಅಲ್ವಾ.

ಲಾಕ್ ಆದದ್ದನ್ನು ತೆಗೆಸುವ ಅಧಿಕಾರ ಆಪರೇಷನ್ಸ್ ಮ್ಯಾನೇಜರ್ ಮೇಡಂಗೆ ಮಾತ್ರ. ಸೋಮವಾರ ಸಂಜೆಯೇ ಮೇಲ್ ಬರೆದೆ. ಪಕ್ಕದ ಸೀಟಿನ ದಾವಣಗೆರೆಯವಳು "ಎಚ್‌ಆರ್‌ನ ಸಿಸಿಯಲ್ಲಿ ಹಾಕೇ, ಬುದ್ಧಿ ಬರ್ಲಿ" ಅಂದಳು. ಹಾಕಲಿಲ್ಲ. ಹಾಕಿದರೆ ಅದು ದೂರು ಆಗುತ್ತದೆ, ನನಗೆ ಬೇಕಾದದ್ದು ಒಂದು ಕ್ಲಿಕ್. ಟಿಎಲ್‌ಗೆ ಬರೆದು, ಮೇಡಂ ಅನ್ನು ಸಿಸಿಯಲ್ಲಿ ಇಟ್ಟೆ. ಮೂರೇ ಸಾಲು. ಈ ತಾರೀಖು ಕ್ಯಾಬ್ ಕೆಟ್ಟು ತಡವಾಯಿತು, ಟ್ರಾನ್ಸ್‌ಪೋರ್ಟ್ ಡೆಸ್ಕಿನ ಟಿಕೆಟ್ ಮತ್ತು ಟ್ರಿಪ್ ಶೀಟ್ ಅಂಟಿಸಿದ್ದೇನೆ. ಅದೇ ದಿನ ರಿಕ್ವೆಸ್ಟ್ ಹಾಕಿದ್ದೇನೆ, ಸ್ಕ್ರೀನ್‌ಶಾಟ್ ಇದೆ. ಗುರುವಾರ ಆರು ಗಂಟೆಗೆ ಐಜೆಪಿ ಮುಚ್ಚುತ್ತದೆ, ಅದಕ್ಕೆ ಮೊದಲು ಸರಿಯಾದರೆ ಉಪಕಾರ. ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಟ್ರಿಪ್ ಶೀಟ್ ಇಲ್ಲದಿದ್ದರೆ ನನ್ನ ಮಾತನ್ನು ಯಾರು ನಂಬುತ್ತಿದ್ದರು? ಡ್ರೈವರ್ ಅಣ್ಣ ಅವತ್ತು "ಸೈನ್ ಮಾಡಿ ಒಂದು ಫೋಟೋ ಹೊಡ್ಕೊಳ್ಳಿ ಮೇಡಂ, ಯಾವಾಗಾದ್ರೂ ಬೇಕಾಗುತ್ತೆ" ಅಂದಿದ್ದು ಪುಣ್ಯ.

ಮೇಡಂ ಮಂಗಳವಾರ ರಜೆಯಲ್ಲಿದ್ದರು. ಬುಧವಾರ ಸಂಜೆ ಅನ್‌ಲಾಕ್ ಮಾಡಿಸಿದರು. ಹಾಜರಿ ಲೆಕ್ಕ ರಾತ್ರಿ ಮಾತ್ರ ಅಪ್‌ಡೇಟ್ ಆಗುವುದು. ಗುರುವಾರ ಬೆಳಗ್ಗೆ ಹತ್ತೂವರೆಗೆ ಪಿಜಿಯಲ್ಲಿ ಕೂತು ತೆರೆದರೆ 95.5, ಬಟನ್ ನೀಲಿ.

ಅರ್ಜಿ ಹಾಕುವುದು ದೊಡ್ಡ ವಿಷಯವಲ್ಲ. ಒಂದು ಪುಟದ ರೆಸ್ಯೂಮೆ, ಮೂರು ತಿಂಗಳ ಸ್ಕೋರ್‌ಕಾರ್ಡ್, ಈ ಕೆಲಸ ಯಾಕೆ ಬೇಕು ಅಂತ ನೂರೈವತ್ತು ಪದ. ಕೆಳಗೆ `Manager informed: Yes / No`. ಒಂದೇ ಒಂದು ಎಚ್ಚರ. `Save` ಒತ್ತಿದರೆ ಅದು ಡ್ರಾಫ್ಟ್ ಆಗಿ ಉಳಿಯುತ್ತದೆ, `Submit` ಒತ್ತಿ ರೆಫರೆನ್ಸ್ ನಂಬರ್ ಮೇಲ್‌ಗೆ ಬಂದರೆ ಮಾತ್ರ ಲೆಕ್ಕ. ನಮ್ಮ ಫ್ಲೋರಿನ ಒಬ್ಬ ಎಲ್ಲ ತುಂಬಿ, ಸೇವ್ ಮಾಡಿ, ಟೆಸ್ಟಿನ ಕರೆಗೆ ಒಂದು ವಾರ ಕಾದ.

ಸಬ್ಮಿಟ್ ಆದ ಕೂಡಲೇ ಟಿಎಲ್‌ಗೂ ಸಿಸ್ಟಮ್ ಮೇಲ್ ಹೋಗುತ್ತದೆ. ಅವತ್ತಿನ ಹಡಲ್‌ನಲ್ಲಿ, ಅಂದರೆ ಶಿಫ್ಟಿಗೆ ಮುಂಚೆ ನಿಂತುಕೊಂಡು ಮಾಡುವ ಹತ್ತು ನಿಮಿಷದ ಮೀಟಿಂಗಿನಲ್ಲಿ, "ನಮ್ಮಲ್ಲಿ ಒಬ್ರು ಡಬ್ಲ್ಯುಎಫ್‌ಎಂಗೆ ಹೊರಟಿದ್ದಾರಂತೆ, ಇನ್ಮೇಲೆ ನಮಗೇ ಪಿಂಗ್ ಮಾಡ್ತಾರೆ" ಅಂದರು. ಡಬ್ಲ್ಯುಎಫ್‌ಎಂ ಅಂದರೆ ವರ್ಕ್‌ಫೋರ್ಸ್ ಮ್ಯಾನೇಜ್‌ಮೆಂಟ್, ಆರ್‌ಟಿಎಗಳು ಇರುವ ವಿಭಾಗ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆಸರು ಹೇಳಲಿಲ್ಲ, ಆದರೆ ಎಲ್ಲರೂ ನನ್ನ ಕಡೆಯೇ ನೋಡಿದರು. ಆಯ್ಕೆಯಾಗದಿದ್ದರೆ ಇದೇ ಮುಖಗಳ ಮುಂದೆ ನಾಳೆ ಮತ್ತೆ ಹೆಡ್‌ಸೆಟ್ ಹಾಕಬೇಕು. ಹೆಸರು ಹೇಳಬಾರದು ಅಂತ ಆ ಸಾಲನ್ನು ಯಾಕೆ ಬರೆದಿದ್ದಾರೆ ಅಂತ ಅವತ್ತು ಗೊತ್ತಾಯಿತು.

ಟೆಸ್ಟು ಮುಂದಿನ ಬುಧವಾರ ಸಂಜೆ ನಾಲ್ಕೂವರೆಗೆ. "ಬ್ರೇಕಲ್ಲಿ ಹೋಗ್ಬಿಟ್ಟು ಬಾ" ಅಂದರು ಟಿಎಲ್. ಟೆಸ್ಟು 45 ನಿಮಿಷ, ಬ್ರೇಕು ಅರ್ಧ ಗಂಟೆ. ಮಿಕ್ಕ ಹದಿನೈದು ನಿಮಿಷ ನನ್ನ ಅಡ್ಹಿಯರೆನ್ಸ್‌ನಿಂದ ಕಳೆಯುತ್ತದೆ, ಅಂದರೆ ರೋಸ್ಟರಿನಲ್ಲಿ ಇದ್ದ ಹಾಗೆ ಕೂತಿದ್ದೀಯಾ ಅನ್ನುವ ಲೆಕ್ಕದಿಂದ. ಊಟವೂ ಇಲ್ಲ. "ಸರ್, ಮೀಟಿಂಗ್ ಕೋಡ್ ಹಾಕಬೇಕು ಅಂತ ಇದೆ" ಅಂದೆ. ಈ ಸಲ ಎಲ್ಲಿದೆ ಅಂತ ಕೇಳಲಿಲ್ಲ. "ಆಯ್ತು, ಹಾಕು" ಅಂದರು.

ಟೆಸ್ಟಿನಲ್ಲಿ ಅರ್ಧ ಎಕ್ಸೆಲ್. ಅದು ಪರವಾಗಿಲ್ಲ. ಇನ್ನರ್ಧ ಕಾಗದದ ಮೇಲೆ ಒಂದೇ ಲೆಕ್ಕ. ಅರ್ಧ ಗಂಟೆಯಲ್ಲಿ 120 ಕಾಲ್ ಬರುತ್ತದೆ, ಒಂದೊಂದು 300 ಸೆಕೆಂಡ್. ಶೇಕಡಾ 80ರಷ್ಟು ಕಾಲ್‌ಗಳನ್ನು 20 ಸೆಕೆಂಡಿನೊಳಗೆ ಎತ್ತಬೇಕು. ಶ್ರಿಂಕೇಜ್ ಶೇಕಡಾ 30. ರೋಸ್ಟರಿನಲ್ಲಿ ಎಷ್ಟು ಜನ ಬೇಕು?

120 ಗುಣಿಸು 300, ಅಂದರೆ 36,000 ಸೆಕೆಂಡಿನ ಮಾತು. ಅರ್ಧ ಗಂಟೆಗೆ 1,800 ಸೆಕೆಂಡ್. ಭಾಗಿಸಿದರೆ 20. ಇಪ್ಪತ್ತು ಜನ ಉಸಿರು ಬಿಡದೆ ಮಾತಾಡಬೇಕು. ಆದರೆ ಕಾಲ್‌ಗಳು ಸಾಲಾಗಿ ಒಂದಾದ ಮೇಲೊಂದು ಬರುವುದಿಲ್ಲ, ಗುಂಪು ಗುಂಪಾಗಿ ಬರುತ್ತವೆ. ಇಪ್ಪತ್ತೇ ಜನ ಇದ್ದರೆ ಕ್ಯೂ ಬೆಳೆಯುತ್ತಲೇ ಹೋಗುತ್ತದೆ. ಎಷ್ಟು ಜಾಸ್ತಿ ಬೇಕು ಅನ್ನುವುದಕ್ಕೆ ಎರ್ಲಾಂಗ್ ಸೂತ್ರ ಇದೆ. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ 1917ರಲ್ಲಿ ಬರೆದದ್ದು ಇವತ್ತಿಗೂ ಕಾಲ್ ಸೆಂಟರ್ ನಡೆಸುತ್ತಿದೆ. ಪ್ರಶ್ನೆ ಪತ್ರಿಕೆಯ ಹಿಂದೆ ಆ ಕೋಷ್ಟಕ ಕೊಟ್ಟಿದ್ದರು. 24 ಜನಕ್ಕೆ ಶೇಕಡಾ 77, 25 ಜನಕ್ಕೆ 85. ಹಾಗಾಗಿ ಸೀಟಿನಲ್ಲಿ 25 ಜನ ಇರಬೇಕು.

ಶ್ರಿಂಕೇಜ್ ಅಂದರೆ ರಜೆ, ಬ್ರೇಕು, ಟ್ರೇನಿಂಗ್ ಅಂತ ಸೀಟಿನಲ್ಲಿ ಇಲ್ಲದ ಭಾಗ. 25ಕ್ಕೆ ಶೇಕಡಾ 30 ಸೇರಿಸಿ 32.5, ಅಂದರೆ 33 ಅಂತ ಬರೆದುಬಿಟ್ಟೆ. ಪೆನ್ನು ಕೆಳಗಿಡುವಾಗ ಅಪ್ಪನ ನೆನಪಾಯಿತು. ನಮ್ಮದು ಕೊಬ್ಬರಿ ಮನೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿ ಬಿಟ್ಟರೆ ಒಳಗೇ ಒಣಗಿ ಉಂಡೆ ಕೊಬ್ಬರಿ ಆಗುತ್ತದೆ, ಕೆಲವು ಕೆಟ್ಟುಹೋಗುತ್ತವೆ. ಅಟ್ಟ ತುಂಬಿಸುವಾಗ ಅಪ್ಪ ಹೇಳುತ್ತಿದ್ದರು, "ಕೆಡೋದನ್ನ ಬೇಕಾದ್ದರ ಮೇಲೆ ಲೆಕ್ಕ ಹಾಕ್ಬೇಡ, ಅಟ್ಟಕ್ಕೆ ಹಾಕಿದ್ದರ ಮೇಲೆ ಹಾಕು" ಅಂತ. 33 ಜನರಲ್ಲಿ ಶೇಕಡಾ 30 ಹೋದರೆ ಉಳಿಯುವುದು 23. ಎರಡು ಜನ ಕಡಿಮೆ! ಹೊಡೆದುಹಾಕಿ ಮತ್ತೆ ಬರೆದೆ.

```
25 / 0.7 = 35.7  → 36
36 × 0.7 = 25.2
```

ಇಂಟರ್‌ವ್ಯೂನಲ್ಲಿ ಡಬ್ಲ್ಯುಎಫ್‌ಎಂ ಲೀಡ್ ಆ ಕಾಗದವನ್ನೇ ಎದುರಿಗೆ ಇಟ್ಟುಕೊಂಡಿದ್ದರು. 33 ಅಂತ ಬರೆದು ಯಾಕೆ ಹೊಡೆದಿರಿ ಅಂತ ಕೇಳಿದರು. ಕೊಬ್ಬರಿ ಕಥೆ ಹೇಳಿದೆ. ಒಬ್ಬರು ನಕ್ಕರು, ಲೀಡ್ ಏನೋ ಬರೆದುಕೊಂಡರು. ಆಮೇಲೆ ಅವರೇ ಅಂದರು, "ನಿಮ್ಮ ಟಿಎಲ್ ಫಾರ್ಮ್‌ನಲ್ಲಿ ಒಂದು ಮಾತು ಸೇರಿಸಿದ್ದಾರೆ. ಟೀಮ್‌ಗೆ ಕ್ರಿಟಿಕಲ್ ರಿಸೋರ್ಸ್, ಸೇಲ್ ಮುಗಿಯುವವರೆಗೆ ಬಿಡಲು ಕಷ್ಟ ಅಂತ." ಹೊಗಳಿಕೆಯ ಬಟ್ಟೆ ಹಾಕಿದ ತಡೆ. ನಾನು ಏನು ಹೇಳಲಿ? "ಬಿಡುಗಡೆ ತಾರೀಖು ಪಾಲಿಸಿಯ ಪ್ರಕಾರ ಆಗುತ್ತೆ ಅಂದುಕೊಂಡಿದ್ದೀನಿ ಸರ್" ಅಂದೆ. "ಅದು ನಮಗೆ ಬಿಡಿ" ಅಂದರು.

ನಾಲ್ಕು ದಿನಕ್ಕೆ ಮೇಲ್ ಬಂತು, ಆಯ್ಕೆಯಾಗಿದ್ದೆ. ಅದರ ಜೊತೆ ಬಂದ ಕಾಗದವನ್ನು ನಿಧಾನವಾಗಿ ಓದಿದಾಗ ಖುಷಿ ಸ್ವಲ್ಪ ಇಳಿಯಿತು. ಗ್ರೇಡ್ ಅದೇ, ಮೂಲ ಸಂಬಳ ಅದೇ. ವಾಯ್ಸ್‌ನಲ್ಲಿ ತಿಂಗಳಿಗೆ ಸುಮಾರು 2,800 ರೂಪಾಯಿ ಇನ್ಸೆಂಟಿವ್ ಬರುತ್ತಿತ್ತು, ಅದು ಇಲ್ಲಿ ಇಲ್ಲ. ಹೊಸ ಕೆಲಸಕ್ಕೆ ಹೋಗಿ ಕೈಗೆ ಬರುವ ದುಡ್ಡು ಕಡಿಮೆ! ಮೊದಲನೇ ಪುಟದಲ್ಲಿ "ಲ್ಯಾಟರಲ್" ಅಂತ ಒಂದು ಪದ ಇತ್ತು, ಅದರ ಅರ್ಥ ಇದೇ. ಸುಮ್ನೆ ಓದಿಕೊಂಡು ಹೋಗಿದ್ದೆ. ಜೊತೆಗೆ ಹನ್ನೆರಡು ತಿಂಗಳು ಬೇರೆ ಐಜೆಪಿಗೆ ಹಾಕುವ ಹಾಗಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. "ಗಂಟಲಾದ್ರೂ ಉಳಿಯುತ್ತಲ್ಲ" ಅಂದರು. ಸಹಿ ಮಾಡಿದೆ.

ಬಿಡುಗಡೆಗೆ ಟಿಎಲ್ ಕೇಳಿದ್ದು ಎರಡು ತಿಂಗಳು. "ಸೇಲ್ ಮುಗಿದ ಮೇಲೆ ಕಳಿಸ್ತೀನಿ" ಅನ್ನುವುದು ತಾರೀಖಲ್ಲ, ಸೇಲ್ ಮುಗಿದ ಮೇಲೆ ರಿಟರ್ನ್ಸ್ ಶುರುವಾಗುತ್ತದೆ, ಕಾಲ್ ಇನ್ನೂ ಜಾಸ್ತಿ. ನಾನು ವಾದ ಮಾಡಲಿಲ್ಲ, ಮೇಲ್‌ನಲ್ಲಿ ಕೊನೆಯ ದಿನ ತಿಳಿಸಿ ಅಂತ ಮಾತ್ರ ಕೇಳಿದೆ. ಬಿಸಿನೆಸ್ ಹೆಡ್ ಒಪ್ಪಿ 45 ದಿನ ಅಂತಾಯಿತು, ತಾರೀಖು ಬರವಣಿಗೆಯಲ್ಲಿ ಬಂತು. ಆ 45 ದಿನ ಮೈಮುರಿದು ಕೆಲಸ ಮಾಡಿದೆ, ಅದರಲ್ಲಿ ಅವರಿಗೂ ದೂರು ಇರಲಿಲ್ಲ.

ಸೋತದ್ದು ರೇಟಿಂಗಿನಲ್ಲಿ. ವರ್ಷದ ಕೊನೆಗೆ ಹಳೆಯ ತಿಂಗಳುಗಳ ರೇಟಿಂಗ್ ಹಳೆಯ ಮ್ಯಾನೇಜರೇ ಕೊಡಬೇಕು. ಹೋಗುವ ಮೊದಲೇ ಬರೆಸಿಕೊಳ್ಳೋಣ ಅಂತ ಕೂತೆ. ಏಳು ತಿಂಗಳಲ್ಲಿ ಐದು ಎ, ಎರಡು ಬಿ. ಒಟ್ಟು ಬಿ ಹಾಕಿದ್ದರು. ಯಾಕೆ ಅಂತ ಕೇಳಿದೆ.

"ನೋಡಮ್ಮ, ನನಗೆ ಎ ಇರೋದೇ ಮೂರು. ಹೋಗೋರಿಗೆ ಕೊಟ್ರೆ ಇರೋರಿಗೆ ಏನ್ ಕೊಡ್ಲಿ?"

ಇಷ್ಟು ನೇರವಾಗಿ ಹೇಳಿದ್ದಕ್ಕೆ ಸಿಟ್ಟು ಬರಲೂ ಇಲ್ಲ. ನಾಲ್ಕನೇ ಪುಟ ಮಾಡಬೇಡಿ ಅಂದದ್ದು ಇದನ್ನೇ. ಸ್ಕೋರ್‌ಕಾರ್ಡ್ ತೆಗೆದುಕೊಂಡು ಮೇಡಂ ಹತ್ತಿರ ಹೋದೆ. ಎಲ್ಲ ಟೀಮುಗಳ ರೇಟಿಂಗ್ ಒಟ್ಟಿಗೆ ಹೋಲಿಸಿ ತೀರ್ಮಾನ ಆಗುತ್ತದೆ, ಅದೇ ಕಾರಣ ಅಂತ ಹೇಳಲು ಬರುವುದಿಲ್ಲ ಅಂದರು. ನನ್ನ ಹತ್ತಿರ ಇದ್ದದ್ದು ಟಿಎಲ್ ಬಾಯಲ್ಲಿ ಆಡಿದ ಮಾತು. ಅದಕ್ಕೆ ಟ್ರಿಪ್ ಶೀಟ್ ಇರಲಿಲ್ಲ. ಬಿ ಬಿ ಆಗಿಯೇ ಉಳಿಯಿತು.

ಈಗ ಆರ್‌ಟಿಎ ಆಗಿ ಎಂಟು ತಿಂಗಳು. ಲಾಗಿನ್ ತಡವಾದರೆ, ಸಿಸ್ಟಮ್ ಕೆಟ್ಟರೆ ಆ ನಿಮಿಷಗಳನ್ನು ಏಜೆಂಟ್ ಲೆಕ್ಕದಿಂದ ತೆಗೆಯುವ ಎಕ್ಸೆಪ್ಶನ್ ಹಾಕುವುದು ನಮ್ಮ ಕೆಲಸ, ಟಿಎಲ್‌ಗಳು ಚಾಟ್‌ನಲ್ಲಿ ಕೇಳುತ್ತಾರೆ. ಹೋದ ವಾರ ಹಳೆಯ ಟಿಎಲ್ ಪಿಂಗ್ ಮಾಡಿದ್ದರು. ಟೀಮಿನ ಹುಡುಗನೊಬ್ಬನ ಕ್ಯಾಬ್ ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡು 50 ನಿಮಿಷ ತಡ. "ಎಕ್ಸೆಪ್ಶನ್ ಹಾಕಮ್ಮ ಬೇಗ, ಅವನು ಕ್ವಾಲಿಟಿ ಐಜೆಪಿಗೆ ಅಪ್ಲೈ ಮಾಡ್ತಾ ಇದಾನೆ."

"ಟ್ರಿಪ್ ಶೀಟ್ ಇದ್ಯಾ ಸರ್?" ಅಂತ ಟೈಪ್ ಮಾಡಿದೆ.

ಒಂದು ನಿಮಿಷಕ್ಕೆ ಫೋಟೋ ಬಂತು, ಡ್ರೈವರ್ ಸೈನ್ ಸಮೇತ.